ಸಾತಾರಕ್ಕೆ ಭರ್ತಿ, ಪುಣೆಗೆ ಖಾಲಿ: ಚಿಕ್ಕ ಟೆಂಪೊದ ಬಾಡಿಗೆ ಲೆಕ್ಕ

(ಪುಣೆಯಲ್ಲಿ ಕನ್ನಡದ ಟೆಂಪೊ ಮಾಲೀಕರು ಮತ್ತು ಚಾಲಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಿಂದ ಫೋನ್ ಬರುತ್ತದೆ. ಆ ಕಡೆ ಇರುವವರು ನಮ್ಮ ಕಡೆಯವರೇ, ಕಿರಾಣಿ ವ್ಯಾಪಾರಿ. "ಏನಪಾ, ಸಾತಾರಕ್ಕ ಒಂದು ಗಾಡಿ ಬೇಕಾಗಿತ್ತು. ಕಿಲೋಮೀಟರಿಗೆ ಎಷ್ಟ ತಗೋತಿ?" ನೀವು "ಹದಿನೆಂಟು ಕೊಡ್ರೀ ಸಾವ್ಕಾರ್" ಅಂತೀರಿ. ಅವರು "ಆತು, ಬಾ" ಅಂತಾರೆ. ಮಾತು ಮುಗಿಯಿತು ಎಂದು ಇಬ್ಬರಿಗೂ ಅನಿಸುತ್ತದೆ. ಆದರೆ ಆ 18 ರೂಪಾಯಿ ಯಾವ ಕಿಲೋಮೀಟರಿಗೆ ಎಂದು ಇಬ್ಬರೂ ಹೇಳಿಲ್ಲ. ಹೋಗುವ 110 ಕಿಲೋಮೀಟರಿಗೋ, ಹೋಗಿಬರುವ 220ಕ್ಕೋ? ಸಾವ್ಕಾರರ ಮನಸ್ಸಿನಲ್ಲಿರುವುದು 110, ಏಕೆಂದರೆ ಅವರ ಮಾಲು ಹೋಗುವುದು ಅಷ್ಟೇ ದೂರ. ನಿಮ್ಮ ಗಾಡಿ ಓಡುವುದು 220. ಇವತ್ತಿನ ಮಾತೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ಇದೆ.

ಲೆಕ್ಕಕ್ಕೆ 750 ಕಿಲೋ ಹೊರುವ, ನಾವು ಛೋಟಾ ಹಾಥಿ ಎನ್ನುವ ವರ್ಗದ ಡೀಸೆಲ್ ಗಾಡಿಯನ್ನು ತೆಗೆದುಕೊಳ್ಳುತ್ತೇನೆ. ನಾನು ಹೇಳುವ ಅಂಕಿಗಳು ಉದಾಹರಣೆಗೆ ಹಿಡಿದವು. ಮನೆಗೆ ಹೋಗಿ ನಿಮ್ಮ ಗಾಡಿಯ ಅಂಕಿ ಹಾಕಿ ಇದೇ ಲೆಕ್ಕ ಮತ್ತೊಮ್ಮೆ ಮಾಡಬೇಕು. ಅಂಕಿ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ಗಾಡಿಗೆ ಎರಡು ಬಗೆಯ ಖರ್ಚು. ಒಂದು, ಚಕ್ರ ಉರುಳಿದರೆ ಮಾತ್ರ ಬರುವ ಖರ್ಚು. ಇನ್ನೊಂದು, ಗಾಡಿ ನಿಂತರೂ ಬರುವ ಖರ್ಚು. ಇವೆರಡನ್ನೂ ಕಲಸಿ ಒಂದೇ ಕಿಲೋಮೀಟರ್ ರೇಟು ಮಾಡುವಲ್ಲಿಂದಲೇ ತಪ್ಪು ಶುರುವಾಗುತ್ತದೆ.

ಮೊದಲು ಉರುಳುವ ಖರ್ಚು ನೋಡೋಣ. ಭರ್ತಿ ಗಾಡಿ ಲೀಟರಿಗೆ 14 ಕಿಲೋಮೀಟರ್, ಖಾಲಿ ಗಾಡಿ 18 ಕೊಡುತ್ತದೆ ಎಂದು ಹಿಡಿಯಿರಿ. ಡೀಸೆಲ್ 90 ರೂಪಾಯಿ ಎಂದರೆ ಭರ್ತಿಗೆ ಕಿಲೋಮೀಟರಿಗೆ ಸುಮಾರು 6 ರೂಪಾಯಿ 40 ಪೈಸೆ, ಖಾಲಿಗೆ 5 ರೂಪಾಯಿ. ಇದರ ಮೇಲೆ ಟೈರು, ಆಯಿಲ್, ಬ್ರೇಕ್, ಕ್ಲಚ್, ಪಾಟಾ, ಎಲ್ಲ ಸೇರಿ ಕಿಲೋಮೀಟರಿಗೆ 2 ರೂಪಾಯಿ. ನಾಲ್ಕು ಟೈರಿಗೆ 18,000 ಕೊಟ್ಟು 40,000 ಕಿಲೋಮೀಟರ್ ಓಡಿಸಿದರೆ ಟೈರೊಂದಕ್ಕೇ 45 ಪೈಸೆ ಬರುತ್ತದೆ. ಹೀಗೆ ಕೂಡಿಸುತ್ತಾ ಹೋದರೆ ಆ 2 ರೂಪಾಯಿ ಹೆಚ್ಚೇನಲ್ಲ ಎಂದು ಗೊತ್ತಾಗುತ್ತದೆ. ಒಟ್ಟಿನಲ್ಲಿ ಭರ್ತಿ ಕಿಲೋಮೀಟರ್ 8 ರೂಪಾಯಿ 40 ಪೈಸೆ, ಖಾಲಿ ಕಿಲೋಮೀಟರ್ 7 ರೂಪಾಯಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಖಾಲಿ ಬರುವ ಗಾಡಿಗೆ ಅರ್ಧ ಖರ್ಚು ಎಂದು ಮಾಲು ಕಳಿಸುವ ಪಾರ್ಟಿಗಳು ಹೇಳುತ್ತಾರೆ, ನಮ್ಮಲ್ಲೂ ಅನೇಕರು ಹಾಗೆಯೇ ನಂಬಿದ್ದಾರೆ. ಲೆಕ್ಕದಲ್ಲಿ ಅದು ಆರರಲ್ಲಿ ಐದು ಪಾಲು. ಮಾಲು ಇಳಿದರೂ ಗಾಡಿಯ ಸ್ವಂತ ತೂಕ ಇಳಿಯುವುದಿಲ್ಲ, ಗಾಳಿಯ ತಡೆ ಕಡಿಮೆಯಾಗುವುದಿಲ್ಲ, ಟೈರು ರಸ್ತೆಗೆ ಉಜ್ಜುವುದು ನಿಲ್ಲುವುದಿಲ್ಲ. ಉಳಿಯುವುದು ಮುಖ್ಯವಾಗಿ ಏರಿನಲ್ಲಿ. ಖಂಬಾಟಕಿಯಂಥ ಘಾಟಿಯಲ್ಲಿ ಎರಡನೇ ಗೇರಿನಲ್ಲಿ ನರಳುತ್ತಾ ಹತ್ತುವಾಗ ಕುಡಿಯುವ ಡೀಸೆಲ್ ಮಾತ್ರ ಖಾಲಿ ಗಾಡಿಗೆ ಬೇಕಾಗುವುದಿಲ್ಲ. ಆದ್ದರಿಂದ "ಬರುವಾಗ ಖಾಲಿ, ಅದಕ್ಕೆ ಅರ್ಧ ಹಿಡಿ" ಎಂಬ ಮಾತಿಗೆ ಒಪ್ಪಬೇಡಿ.

ಈಗ ನಿಂತರೂ ಬರುವ ಖರ್ಚು. ತಿಂಗಳಿಗೆ ಬ್ಯಾಂಕಿನ ಕಂತು 12,000. ಚಾಲಕನ ಪಗಾರ 18,000. ಸ್ವತಃ ಓಡಿಸುವವರೂ ಇದನ್ನು ಬರೆಯಲೇಬೇಕು. ನೀವು ಬೇರೆಯವರ ಗಾಡಿ ಓಡಿಸಿದ್ದರೆ ಆ ಹಣ ಸಿಗುತ್ತಿತ್ತಲ್ಲವೇ? ವಿಮೆ ವರ್ಷಕ್ಕೆ 30,000, ಅಂದರೆ ತಿಂಗಳಿಗೆ 2,500. ಟ್ಯಾಕ್ಸ್, ಫಿಟ್ನೆಸ್, ಪಿಯುಸಿಗೆ 500, ಪಾರ್ಕಿಂಗ್ ಮತ್ತು ಫೋನಿಗೆ 1,000. ಒಟ್ಟು 34,000. ತಿಂಗಳಿಗೆ 25 ದಿನ, ದಿನಕ್ಕೆ 8 ಗಂಟೆ ಬಾಡಿಗೆಯ ಕೆಲಸ ಇದ್ದರೆ 200 ಗಂಟೆ. ಗಂಟೆಗೆ 170 ರೂಪಾಯಿ ಬಿತ್ತು. ಗಾಡಿ ಘಾಟಿ ಹತ್ತುತ್ತಿರಲಿ, ಗೋದಾಮಿನ ಮುಂದೆ ನಂಬರಿಗೆ ಕಾಯುತ್ತಿರಲಿ, ಈ 170 ಓಡುತ್ತಲೇ ಇರುತ್ತದೆ.

ಸಾತಾರದ ಟ್ರಿಪ್ಪಿಗೆ ಇದನ್ನು ಕೂಡಿಸೋಣ. ಹೋಗುವ 110 ಕಿಲೋಮೀಟರಿಗೆ 924 ರೂಪಾಯಿ, ಖಾಲಿ ಬರುವ 110ಕ್ಕೆ 770. ಉರುಳುವ ಖರ್ಚು 1,694 ಆಯಿತು. ದಾರಿಯಲ್ಲಿ ಖೇಡ್ ಶಿವಾಪುರ ಮತ್ತು ಆನೇವಾಡಿ, ಎರಡು ಟೋಲ್ ನಾಕಾ. ಎರಡೂ ಕಡೆ ಸೇರಿ 300 ಎಂದು ಹಿಡಿದಿದ್ದೇನೆ. ನಿಮಗೆ ಎಷ್ಟು ಕಡಿತವಾಗುತ್ತದೆ ಎಂಬುದು ಫಾಸ್ಟ್ಯಾಗ್ ಸಂದೇಶದಲ್ಲೇ ಇರುತ್ತದೆ, ಅದನ್ನು ಹಾಕಿ. ಸಮಯ ನೋಡಿದರೆ ಮಾಲು ಹಾಕಲು 1 ಗಂಟೆ, ಹೋಗಲು ಮೂರೂಕಾಲು, ಇಳಿಸಲು 1, ಬರಲು ಎರಡೂಮುಕ್ಕಾಲು. ಸರಿಯಾಗಿ 8 ಗಂಟೆ, 1,360 ರೂಪಾಯಿ. ಎಲ್ಲ ಸೇರಿ 3,354. ಇದರ ಮೇಲೆ ಶೇಕಡಾ 15 ಲಾಭ ಇಟ್ಟರೆ 3,850ರ ಹತ್ತಿರ ಬರುತ್ತದೆ.

ಇದನ್ನು 220 ಕಿಲೋಮೀಟರಿಗೆ ಹಂಚಿದರೆ ಹದಿನೇಳೂವರೆ ರೂಪಾಯಿ. ಫೋನಿನಲ್ಲಿ ಹೇಳಿದ 18 ತಪ್ಪೇನೂ ಅಲ್ಲ, ಎರಡೂ ಕಡೆಗೆ ಹಿಡಿದರೆ ಸರಿಯಾದ ರೇಟು ಅದೇ. ಆದರೆ ಸಾವ್ಕಾರರು 110ಕ್ಕೇ ಗುಣಿಸಿ 1,980 ಕೈಗಿಡುತ್ತಾರೆ. ನಿಮ್ಮ ಉರುಳುವ ಖರ್ಚು ಮತ್ತು ಟೋಲ್ ಸೇರಿದರೇ 1,994. ಬೆಳಗಿನಿಂದ ಸಂಜೆವರೆಗೆ ದುಡಿದು, ಪಗಾರವೂ ಇಲ್ಲ, ಕಂತಿನ ಪಾಲೂ ಇಲ್ಲ, ಕೈಯಿಂದ 14 ರೂಪಾಯಿ ಹೋಗಿರುತ್ತದೆ. ಇದು ಅವತ್ತೇ ಕಾಣುವುದಿಲ್ಲ, ಅದೇ ಇದರ ಕೆಟ್ಟತನ. ಡೀಸೆಲಿಗೆ ಸಾವಿರದ ಇನ್ನೂರೈವತ್ತು ಹಾಕಿ, ಟೋಲ್ ಕೊಟ್ಟ ಮೇಲೂ ಜೇಬಿನಲ್ಲಿ ನಾನೂರು ಚಿಲ್ಲರೆ ಉಳಿದಿರುತ್ತದೆ. ಅದು ಟೈರಿನ ಹಣ, ಕ್ಲಚ್ ಪ್ಲೇಟಿನ ಹಣ. ಕಂತಿನ ತಾರೀಖಿಗೆ ಸಾಲ ಮಾಡುತ್ತಿದ್ದರೆ, ಟೈರು ಬದಲಿಸುವ ತಿಂಗಳು ಕೈ ಕಟ್ಟಿದಂತಾಗುತ್ತಿದ್ದರೆ, ಕೆಲಸ ಕಡಿಮೆ ಎನ್ನುವ ಮೊದಲು ಒಪ್ಪಿಕೊಂಡ ರೇಟನ್ನು ನೋಡಿ.

ಹಾಗಾದರೆ ಎರಡೂ ಕಡೆಗೆ 18 ಎಂದು ಗಟ್ಟಿ ಮಾಡಿಕೊಂಡರೆ ಸಾಕೇ? ಸಾತಾರಕ್ಕೆ ಸಾಕು. ಹಿಂಜವಡಿಗೆ ಸಾಲದು. ಮಾರ್ಕೆಟ್ ಯಾರ್ಡಿನಿಂದ ಹಿಂಜವಡಿ ಸುಮಾರು 22 ಕಿಲೋಮೀಟರ್, ಹೋಗಿಬಂದರೆ 44. ಉರುಳುವ ಖರ್ಚು 339 ರೂಪಾಯಿ ಅಷ್ಟೇ. ಆದರೆ ಹಾಕಲು 1 ಗಂಟೆ, ಇಳಿಸಲು 1 ಗಂಟೆ, ಊರೊಳಗಿನ ಟ್ರಾಫಿಕ್ಕಿನಲ್ಲಿ ಎರಡೂ ಕಡೆ ಸೇರಿ ಎರಡೂವರೆ. ನಾಲ್ಕೂವರೆ ಗಂಟೆಗೆ 765 ರೂಪಾಯಿ. ಒಟ್ಟು ಖರ್ಚು 1,104, ಲಾಭ ಸೇರಿ 1,270. ಎರಡೂ ಕಡೆಗೆ 18ರಂತೆ ಸಿಗುವುದು 792 ಮಾತ್ರ, ಅಂದರೆ ಖರ್ಚಿಗಿಂತ 312 ಕಡಿಮೆ. ಸಾತಾರದ ಖರ್ಚಿನಲ್ಲಿ ಸಮಯದ ಪಾಲು ಶೇಕಡಾ 40, ಹಿಂಜವಡಿಯ ಖರ್ಚಿನಲ್ಲಿ ಶೇಕಡಾ 69. ದೂರ ಕಡಿಮೆಯಾದಷ್ಟೂ ಕಿಲೋಮೀಟರ್ ರೇಟು ಸುಳ್ಳಾಗುತ್ತಾ ಹೋಗುತ್ತದೆ, ಯಾಕೆಂದರೆ ಅಲ್ಲಿ ನೀವು ಮಾರುತ್ತಿರುವುದು ಗಾಡಿಯ ಹೊತ್ತು.

ಆದ್ದರಿಂದ ಮನಸ್ಸಿನಲ್ಲಿ ಎರಡು ಅಂಕಿ ಇಟ್ಟುಕೊಳ್ಳಿ. ಈ ಉದಾಹರಣೆಯ ಗಾಡಿಗೆ ಅವು 9 ಮತ್ತು 200. ಹೋಗಿಬರುವ ಪ್ರತಿ ಕಿಲೋಮೀಟರಿಗೆ 9, ಬಾಡಿಗೆಗೆ ಹಿಡಿದ ಪ್ರತಿ ಗಂಟೆಗೆ 200, ಲಾಭ ಅದರೊಳಗೇ ಸೇರಿದೆ. ಟೋಲ್ ಎಷ್ಟೋ ಅಷ್ಟು.

```
ಬಾಡಿಗೆ = ಹೋಗಿಬರುವ ಕಿ.ಮೀ. × 9 + ಗಂಟೆ × 200 + ಟೋಲ್
ಸಾತಾರ = 220 × 9 + 8 × 200 + 300 = 3,880
ಹಿಂಜವಡಿ = 44 × 9 + 4.5 × 200 = 1,296
```

ಮೊದಲು ಬಿಡಿಬಿಡಿಯಾಗಿ ಮಾಡಿದ ಲೆಕ್ಕಕ್ಕೆ ಎರಡೂ ಮೂವತ್ತು ರೂಪಾಯಿಯ ಅಂತರದಲ್ಲಿವೆ. ಸ್ಟೇರಿಂಗ್ ಹಿಂದೆ ಕೂತು ಫೋನಿನಲ್ಲಿ ಮಾತಾಡುವಾಗ ಇಷ್ಟು ಲೆಕ್ಕ ಬಾಯಲ್ಲೇ ಆಗುತ್ತದೆ. ಕಿಲೋಮೀಟರ್ ಎಣಿಸುವಾಗ ಗಾಡಿ ನಿಲ್ಲುವ ಜಾಗದಿಂದ ಶುರು ಮಾಡಿ, ಮಾಲು ಹಾಕುವ ಜಾಗದಿಂದಲ್ಲ. ನಿಮ್ಮ ಸ್ಟ್ಯಾಂಡ್ ಭೋಸರಿಯಲ್ಲಿದ್ದು ಮಾಲು ಗುಲ್ಟೇಕಡಿಯಲ್ಲಿದ್ದರೆ, ಅಲ್ಲಿಯವರೆಗೆ ಹೋಗುವುದೂ ಖಾಲಿ ಓಟವೇ, ಅದಕ್ಕೂ ಕಾಸು ಬೀಳುತ್ತದೆ.

ಈ ಲೆಕ್ಕ ನಿಮ್ಮ ಕೈಯಲ್ಲಿರಲಿ. ಪಾರ್ಟಿಗೆ ಹೇಳುವಾಗ ಒಂದೇ ಮೊತ್ತ ಹೇಳಿ: "ಸಾತಾರ, ಹೋಗಿಬರೋದು ಸೇರಿ 3,850." ಖಾಲಿ ಬರುವ ಗಾಡಿಗೆ ಫಿಕ್ಸ್ ಬಾಡಿಗೆಯೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಿಲೋಮೀಟರಿಗೆ 35 ಎಂದರೆ ಪಾರ್ಟಿ ಹೌಹಾರುತ್ತಾರೆ, ಹೋಗಿಬರುವುದಕ್ಕೆ 3,850 ಎಂದರೆ ಹೌಹಾರುವುದಿಲ್ಲ, ಎರಡೂ ಒಂದೇ ಹಣವಾದರೂ. ರಿಟರ್ನ್ ಓಟಕ್ಕೆ ನಾನೇಕೆ ಕೊಡಬೇಕು ಎಂಬ ವಾದವೂ ಏಳುವುದಿಲ್ಲ.

ಫಿಕ್ಸ್ ಬಾಡಿಗೆಗೂ ತನ್ನದೇ ಅಪಾಯವಿದೆ. ಕಿಲೋಮೀಟರ್ ರೇಟಿನಲ್ಲಿ ದೂರ ಹೆಚ್ಚಾದರೆ ಹಣ ಹೆಚ್ಚಾಗುತ್ತದೆ, ಫಿಕ್ಸಿನಲ್ಲಿ ಏನು ಹೆಚ್ಚಾದರೂ ನಿಮ್ಮ ತಲೆಗೇ. ಹಿಂಜವಡಿಯ ಕಂಪನಿ ಗೇಟನ್ನು ನೆನಪಿಸಿಕೊಳ್ಳಿ. ಗೇಟ್ ಪಾಸ್ ಆಗಬೇಕು, ಸಾಮಾನಿನ ಲಿಫ್ಟು ಖಾಲಿ ಆಗಬೇಕು, ಸಹಿ ಹಾಕುವವರು ಊಟಕ್ಕೆ ಹೋಗಿರುತ್ತಾರೆ. 1 ಗಂಟೆ ಎಂದುಕೊಂಡದ್ದು 3 ಗಂಟೆ ಆಗುತ್ತದೆ. ಹೆಚ್ಚಾದ 2 ಗಂಟೆಗೆ ನಿಮ್ಮ ಖರ್ಚು 340, ಇಟ್ಟುಕೊಂಡ ಲಾಭ 166. ಲಾಭವೂ ಹೋಯಿತು, ಮೇಲೆ ನಷ್ಟವೂ ಬಂತು. ಅದಕ್ಕೇ ಮೊತ್ತದ ಜೊತೆ ಅದರ ಗಡಿಯನ್ನೂ ಹೇಳಬೇಕು, ವಾಟ್ಸಾಪಿನಲ್ಲಿ ಒಂದು ಸಾಲು ಬರೆದು ಕಳಿಸಬೇಕು:

"ಮಾರ್ಕೆಟ್ ಯಾರ್ಡ್‌ನಿಂದ ಹಿಂಜವಡಿ, ಒಂದೇ ಕಡೆ ಇಳಿಸುವುದು, ₹1,300. ಹಾಕಲು-ಇಳಿಸಲು ಸೇರಿ 2 ಗಂಟೆ. ಮೇಲೆ ಆದರೆ ಗಂಟೆಗೆ ₹200. ಬೇರೆ ಪಾಯಿಂಟ್ ಇದ್ದರೆ ಹೆಚ್ಚಿನ ಕಿ.ಮೀ.ಗೆ ₹9 ಮತ್ತು ಸಮಯ ಬೇರೆ. ಹಮಾಲಿ, ವಾರಾಯಿ ಪಾರ್ಟಿಯದು."

ವಾರಾಯಿ ಎಂಬ ಪದವನ್ನು ಬಿಡಬೇಡಿ. ಮಾಲು ಇಳಿಸುವ ಜಾಗದಲ್ಲಿ ಚಾಲಕನ ಹತ್ತಿರ ವಾರಾಯಿ ಎಂದು ಹಣ ಕೇಳುವುದು ಇಲ್ಲಿ ಹೊಸದೇನಲ್ಲ, ಮೊದಲೇ ಬರೆಯದಿದ್ದರೆ ಅದು ಬಾಡಿಗೆಯಿಂದಲೇ ಕತ್ತರಿಸಿಹೋಗುತ್ತದೆ. ಸಮಯಕ್ಕೆ ಸಾಕ್ಷಿಯಾಗಿ ಗೇಟಿಗೆ ಮುಟ್ಟಿದಾಗ ಒಂದು ಫೋಟೊ, ಗಾಡಿ ಖಾಲಿಯಾದಾಗ ಒಂದು ಫೋಟೊ ಅದೇ ಚಾಟಿಗೆ ಹಾಕಿ. ಜಗಳವಿಲ್ಲದೆ ಹೆಚ್ಚಿನ ಗಂಟೆಯ ಹಣ ಬರಲು ಇದಕ್ಕಿಂತ ಸುಲಭದ ದಾರಿ ಇಲ್ಲ.

ಈಗ ಎಲ್ಲರೂ ಕಾಯುತ್ತಿರುವ ಪ್ರಶ್ನೆ: "ಸಾತಾರದಾಗ ರಿಟರ್ನ್ ಸಿಗತೈತಲ್ಲ, ಅದನ್ನ ಬಿಟ್ಟು ರೇಟ್ ಹೇಳು" ಎಂದು ಪಾರ್ಟಿ ಹೇಳಿದರೆ? ಬರುವಾಗ ರಿಟರ್ನ್ ಮಾಲು ಸಿಕ್ಕಾಗ 1,500 ಬರುತ್ತದೆ ಎಂದು ಇಟ್ಟುಕೊಳ್ಳಿ. ಪಾರ್ಟಿ ಆ 1,500ನ್ನು ಪೂರಾ ಕಳೆಯಲು ನೋಡುತ್ತಾರೆ. ಅದಕ್ಕೆ ಬೀಳುವ ಖರ್ಚು ನೋಡಿ. ಖಾಲಿ ಬದಲು ಭರ್ತಿ ಬರುವುದಕ್ಕೆ 154 ಹೆಚ್ಚು. ಮಾಲು ಹಾಕಲು, ಇಳಿಸಲು ಸುತ್ತುವ 15 ಕಿಲೋಮೀಟರಿಗೆ 126. ಏಜೆಂಟರ ಕಮಿಷನ್ 150. ಕಾಯುವುದು, ಹಾಕುವುದು, ಇಳಿಸುವುದು ಸೇರಿ 4 ಗಂಟೆಗೆ 680. ಒಟ್ಟು 1,110. ಉಳಿದದ್ದು 390. ಅದೂ ಪ್ರತಿ ಸಲ ಸಿಗುವುದಿಲ್ಲ. ಹತ್ತು ಟ್ರಿಪ್ಪಿನಲ್ಲಿ ಎರಡು ಸಲ ಸಿಕ್ಕರೆ ಟ್ರಿಪ್ಪಿಗೆ ಸರಾಸರಿ 78 ರೂಪಾಯಿ. ರಿಟರ್ನಿನ ಹೆಸರಿನಲ್ಲಿ ನೀವು ಬಿಡಬಹುದಾದದ್ದು ಅಷ್ಟೇ. ಹತ್ತರಲ್ಲಿ ಎರಡೋ, ಐದೋ ಎಂಬುದು ನಿಮ್ಮ ಡೈರಿಯಿಂದ ಬರಬೇಕು. ಟ್ರಿಪ್ ಬರೆಯುವಾಗ ಪಕ್ಕದಲ್ಲಿ "ರಿ" ಅಥವಾ "ಖಾ" ಎಂದು ಒಂದಕ್ಷರ ಹಾಕುತ್ತಾ ಬನ್ನಿ, ಎರಡು ತಿಂಗಳಲ್ಲಿ ಊರೂರಿನ ಲೆಕ್ಕ ಸಿಗುತ್ತದೆ.

ಆದರೆ ಸಾತಾರದಲ್ಲಿ ಗಾಡಿ ಖಾಲಿಯಾಗಿ ನಿಂತ ಮೇಲೆ ಲೆಕ್ಕವೇ ಬೇರೆ, ಇದನ್ನು ಬಿಡಿಸಿ ಹೇಳಬೇಕು. ಪುಣೆಯಲ್ಲಿ ರೇಟು ಕಟ್ಟುವಾಗ ಎಲ್ಲ ಖರ್ಚನ್ನೂ ಹಿಡಿಯಬೇಕು. ಸಾತಾರದಲ್ಲಿ ನಿಂತು ರಿಟರ್ನ್ ಬೇಕೋ ಬೇಡವೋ ಎನ್ನುವಾಗ, ಆ ರಿಟರ್ನಿನಿಂದ ಹೆಚ್ಚಾಗುವ ಖರ್ಚನ್ನು ಮಾತ್ರ ನೋಡಬೇಕು, ಯಾಕೆಂದರೆ ವಾಪಸು ಬರುವ ಖರ್ಚು ಆಗಲೇ ಬಾಡಿಗೆಯಲ್ಲಿ ಬಂದಿದೆ. ಮಧ್ಯಾಹ್ನ 1 ಗಂಟೆ, ಪುಣೆಯಲ್ಲಿ ಇವತ್ತು ಬೇರೆ ಕೆಲಸ ಇಲ್ಲ ಎಂದಾದರೆ ಆ 4 ಗಂಟೆ ಹೇಗೂ ಖಾಲಿ ಹೋಗುವುದೇ. ಆಗ ಹೆಚ್ಚಿನ ಡೀಸೆಲ್, ಸವೆತ, ಕಮಿಷನ್, ಚಾಲಕನ ಮೇಲ್ಕೂಲಿ ಇಷ್ಟು ಬಿದ್ದು ಕೈಗೆ ಏನಾದರೂ ಉಳಿದರೆ 900ರ ರಿಟರ್ನೂ ಒಳ್ಳೆಯದೇ. ಆದರೆ ನಾಳೆ ನಸುಕಿನ 5ಕ್ಕೆ ಯಾರ್ಡಿನಲ್ಲಿ ಕಾಯಂ ಪಾರ್ಟಿಯ ಮಾಲಿದ್ದರೆ, ರಾತ್ರಿ ಮುಟ್ಟುವ ಖಾತ್ರಿ ಇಲ್ಲದ ರಿಟರ್ನಿಗೆ 2,000 ಕೊಟ್ಟರೂ ಕಾಯಬೇಡಿ. ಇನ್ನೊಂದು ವಿಷಯ: ರಾಷ್ಟ್ರೀಯ ಹೆದ್ದಾರಿ ಶುಲ್ಕದ 2008ರ ನಿಯಮದಂತೆ 24 ಗಂಟೆಯೊಳಗೆ ಮರಳಿದರೆ ಟೋಲ್ ಎರಡೂ ಕಡೆ ಸೇರಿ ಒಂದೂವರೆ ಪಟ್ಟು. ರಿಟರ್ನಿಗಾಗಿ ಹಾಲ್ಟ್ ಮಾಡಿ 24 ಗಂಟೆ ದಾಟಿದರೆ ಆ ರಿಯಾಯಿತಿ ಹೋಗುತ್ತದೆ, ಎರಡು ಪಟ್ಟು ಕಟ್ಟಬೇಕಾಗುತ್ತದೆ.

ರಿಟರ್ನ್ ಎಂದು ಅನಿಸದ ರಿಟರ್ನ್ ಒಂದಿದೆ, ಖಾಲಿ ಕ್ರೇಟು. ತರಕಾರಿ ಮಾಲು ಹಾಕುವವರು "ಬರುವಾಗ ನಮ್ಮ ಖಾಲಿ ಕ್ರೇಟ್ ತಂದುಬಿಡು" ಎನ್ನುತ್ತಾರೆ. ತೂಕವಿಲ್ಲ ಎಂದು ನಾವೂ ಪುಕ್ಕಟೆ ತರುತ್ತೇವೆ. ಕ್ರೇಟಿಗೆ ತೂಕವಿಲ್ಲ, ನಿಜ, ಆದರೆ ಗಾಡಿಯ ಮಾಲು ಹಾಕುವ ಹೌದಾ ಪೂರ್ತಿ ತುಂಬುತ್ತದೆ, ಬೇರೆ ಮಾಲು ಹಾಕಲು ಜಾಗವಿಲ್ಲ. ಎಣಿಸಿ ಹಾಕಿಕೊಳ್ಳಲು, ಎಣಿಸಿ ಕೊಡಲು 1 ಗಂಟೆ ಹೋಗುತ್ತದೆ, ಎರಡು ಕಡಿಮೆ ಬಂದರೆ ಅದರ ಬೆಲೆಯೂ ನಿಮ್ಮ ಮೇಲೆ ಬರುತ್ತದೆ. ಕ್ರೇಟ್ ತರುವುದಿದ್ದರೆ ಮೊದಲೇ ಹೇಳಿ 300 ಸೇರಿಸಿ. ಹಾಗೆ ಸೇರಿಸಿದಾಗ ಅವರಿಗೂ ಅದು ಅಗ್ಗ, ಬೇರೆ ಗಾಡಿ ಮಾಡಿ ತರಿಸುವುದಕ್ಕಿಂತ.

ಕಿಲೋಮೀಟರ್ ರೇಟು ಎಲ್ಲಿಯೂ ಬೇಡವೇ ಎಂದು ನಿಮ್ಮಲ್ಲೊಬ್ಬರು ಕೇಳಿದರು. ಬೇಕು. ದಿನಕ್ಕೆ ಹತ್ತು ಹದಿನೈದು ಅಂಗಡಿಗೆ ಮಾಲು ಹಂಚುವ ಕೆಲಸ, ದಾರಿ ದಿನಾ ಬೇರೆ, ಅಂಥ ಕಡೆ ಫಿಕ್ಸ್ ಹೇಳಿದರೆ ನೀವೇ ಸಿಕ್ಕಿಬೀಳುತ್ತೀರಿ. ಅಲ್ಲಿ ದಿನಕ್ಕೆ 8 ಗಂಟೆಯ 1,600 ಖಾಯಂ, ಮೇಲೆ ಓಡಿದ ಕಿಲೋಮೀಟರಿಗೆ 9 ಎಂದು ಎರಡು ಭಾಗದ ರೇಟನ್ನೇ ಬಿಚ್ಚಿ ಹೇಳಿ. ಕಿಲೋಮೀಟರನ್ನು ಮ್ಯಾಪಿನಿಂದ ಅಳೆಯಬೇಡಿ, ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಮತ್ತು ರಾತ್ರಿ ಸ್ಟ್ಯಾಂಡಿನಲ್ಲಿ ಮೀಟರಿನ ಫೋಟೊ ತೆಗೆದು ಕಳಿಸಿ. ಮ್ಯಾಪು ಒನ್‌ವೇ ಸುತ್ತುಗಳನ್ನು ಹಿಡಿದರೂ, ಜಾಗ ಸಿಗದೆ ಗಲ್ಲಿ ಸುತ್ತಿದ್ದನ್ನು ಹಿಡಿಯುವುದಿಲ್ಲ.

ಇನ್ನು, "ಪಕ್ಕದ ಗಾಡಿಯವನು ಸಾತಾರಕ್ಕೆ 2,800ಕ್ಕೇ ಹೋಗ್ತಾನೆ" ಎಂಬ ಮಾತು. 2,800ರಲ್ಲಿ ಉರುಳುವ ಖರ್ಚು ಮತ್ತು ಟೋಲ್ ಕಳೆದರೆ 806 ಉಳಿಯುತ್ತದೆ, 8 ಗಂಟೆಗೆ. ಗಾಡಿ ಅವತ್ತು ಸ್ಟ್ಯಾಂಡಿನಲ್ಲೇ ನಿಲ್ಲುವುದಿದ್ದರೆ ಆ 806 ಕಂತಿಗೆ ಸ್ವಲ್ಪ ಸಹಾಯ, ಹೋಗಿ ಬನ್ನಿ. ಅದನ್ನೇ ದಿನದ ರೇಟು ಮಾಡಿಕೊಂಡರೆ 25 ದಿನಕ್ಕೆ 20,150, ತಿಂಗಳ ಖರ್ಚು 34,000. ಸುಮಾರು 14,000 ಕೊರತೆ. 1,994ಕ್ಕಿಂತ ಕೆಳಗೆ ಮಾತ್ರ ಗಾಡಿ ನಿಂತಿದ್ದರೂ ಹೋಗಬೇಡಿ, ಅಲ್ಲಿಂದ ಕೆಳಗೆ ಓಡಿಸಿದರೆ ನಿಂತದ್ದಕ್ಕಿಂತ ಹೆಚ್ಚು ನಷ್ಟ.

ಕೊನೆಗೆ ಡೀಸೆಲ್. ಕಾಯಂ ಪಾರ್ಟಿಗೆ ತಿಂಗಳುಗಟ್ಟಲೆ ಒಂದೇ ಫಿಕ್ಸ್ ಇದ್ದರೆ, ಯಾವ ಡೀಸೆಲ್ ಬೆಲೆಗೆ ಆ ಮೊತ್ತ ಕಟ್ಟಿದ್ದು ಎಂದು ಅದರ ಪಕ್ಕದಲ್ಲೇ ಬರೆದಿಡಿ. ಸಾತಾರ ಹೋಗಿಬರಲು ಸುಮಾರು 14 ಲೀಟರ್ ಬೇಕು. ಲೀಟರಿಗೆ 5 ರೂಪಾಯಿ ಏರಿದರೆ ಬಾಡಿಗೆ 70 ರೂಪಾಯಿ ಏರಬೇಕು, ಇಳಿದರೆ 70 ಇಳಿಯಬೇಕು. ಹಿಂಜವಡಿಗೆ ಮೂರು ಲೀಟರೂ ಬೇಡ, 14 ರೂಪಾಯಿಯ ವ್ಯತ್ಯಾಸ, ಅದಕ್ಕೆ ಫೋನ್ ಮಾಡುವ ಅಗತ್ಯವಿಲ್ಲ.